ಕಡಿಮೆ ಬಿಡ್ ಹಾಕಿದವರ ಜಾಹೀರಾತು ಮೇಲೆ ಬರುವುದು ಹೇಗೆ?

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಸೋಲಾರ್ ವಾಟರ್ ಹೀಟರ್ ಅಂಗಡಿ. ಗೂಗಲ್ ಹುಡುಕಾಟದ ಜಾಹೀರಾತಿಗೆ ಕ್ಲಿಕ್ಕಿಗೆ 40 ರೂಪಾಯಿ ಬಿಡ್ ಹಾಕಿದ್ದೇನೆ. ಪರಿಚಯದ ಇನ್ನೊಬ್ಬ ವ್ಯಾಪಾರಿ ತಾನು 25 ಹಾಕಿದ್ದೇನೆ ಎನ್ನುತ್ತಾರೆ, ಆದರೂ ಅವರ ಜಾಹೀರಾತು ನನ್ನದಕ್ಕಿಂತ ಮೇಲೆ ಬರುತ್ತಿದೆ. ನನ್ನ ಕೀವರ್ಡಿಗೆ ಎರಡು ಕಡೆ Below average ಎಂದು ತೋರಿಸುತ್ತಿದೆ. ಈ ರೇಟಿಂಗಿಗೂ ಹಣಕ್ಕೂ ಏನು ಸಂಬಂಧ?

ಉತ್ತರ:

ನಿಮ್ಮ ಪರಿಚಯದವರು ಹೇಳುತ್ತಿರುವುದು ನಿಜವೇ ಇರಬಹುದು. ಇನ್ನೂ ಒಂದು ಮಾತು ಸೇರಿಸುತ್ತೇನೆ: 25 ಎಂದು ಬಿಡ್ ಹಾಕಿದ ಅವರು ಕ್ಲಿಕ್ಕಿಗೆ 25 ರೂಪಾಯಿಯನ್ನೂ ಕೊಡುತ್ತಿಲ್ಲದಿರುವ ಸಾಧ್ಯತೆ ಹೆಚ್ಚು. ನಾನು ಮಂಗಳೂರಿನಲ್ಲಿ ಸಣ್ಣ ಉದ್ದಿಮೆಗಳ ಜಾಹೀರಾತು ಖಾತೆಗಳನ್ನು ನೋಡಿಕೊಳ್ಳುವವನು. ನಿಮ್ಮ ಸ್ಥಿತಿಯಲ್ಲಿರುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ "ಬಿಡ್ ಏರಿಸಿ" ಎಂಬುದು. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ರೇಟಿಂಗ್ ಕೆಳಗಿರುವಾಗ ಬಿಡ್ ಏರಿಸುವುದೇ ಎಲ್ಲಕ್ಕಿಂತ ದುಬಾರಿ ದಾರಿ. ಯಾಕೆಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮಲ್ಪೆ ಬಂದರಿನಲ್ಲಿ ಮೀನಿನ ಏಲಂ ನೀವು ನೋಡಿರುತ್ತೀರಿ. ಯಾರು ಹೆಚ್ಚು ಕೂಗುತ್ತಾರೋ ಮೀನು ಅವರದು, ಕೂಗಿದಷ್ಟೇ ಹಣ. ದೋಣಿಯವರಿಗೆ ಕೊಳ್ಳುವವರು ಯಾರಾದರೇನು? ಏಲಂ ಮುಗಿದರೆ ಹಣ ಬಂದೇ ಬರುತ್ತದೆ. ಹುಡುಕಾಟದ ಜಾಹೀರಾತೂ ಏಲಂ ಹೌದು, ಯಾರಾದರೂ ಏನನ್ನಾದರೂ ಹುಡುಕಿದಾಗಲೆಲ್ಲ ಹೊಸದಾಗಿ ನಡೆಯುತ್ತದೆ. ಆದರೆ ಇಲ್ಲಿ ಗೆದ್ದ ಮಾತ್ರಕ್ಕೆ ಯಾರೂ ಹಣ ಕೊಡುವುದಿಲ್ಲ. ನೋಡಿದವರು ಕ್ಲಿಕ್ ಮಾಡಿದರೆ ಮಾತ್ರ ಹಣ. ಹಾಗಾಗಿ ಜಾಗ ಕೊಡುವವರ ಮುಂದೆ ಬೇರೊಂದು ಪ್ರಶ್ನೆ ಇರುತ್ತದೆ: ಈ ಜಾಹೀರಾತನ್ನು ಮೇಲೆ ಇಟ್ಟರೆ ಎಷ್ಟು ಜನ ಒತ್ತುತ್ತಾರೆ? 40 ರೂಪಾಯಿ ಬಿಡ್ ಇರುವ ಜಾಹೀರಾತನ್ನು ನೂರು ಜನರಿಗೆ ತೋರಿಸಿ ಇಬ್ಬರು ಒತ್ತಿದರೆ ಬರಬಹುದಾದದ್ದು ಹೆಚ್ಚೆಂದರೆ 80 ರೂಪಾಯಿ. 25 ರೂಪಾಯಿಯದ್ದನ್ನು ಅದೇ ನೂರು ಜನರಲ್ಲಿ ಆರು ಜನ ಒತ್ತಿದರೆ 150. ಹುಡುಕುವವರಿಗೂ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬಂತು ಎಂದು ಅರ್ಥ.

ಮೊದಲಿಗೆ ಹೀಗಿರಲಿಲ್ಲ. ಈ ವ್ಯಾಪಾರವನ್ನು 1998ರಲ್ಲಿ ಆರಂಭಿಸಿದ ಗೋಟು ಎಂಬ ಕಂಪನಿ, ಹಣ ಹೆಚ್ಚು ಕೂಗಿದವರನ್ನೇ ಮೇಲೆ ಇಡುತ್ತಿತ್ತು. ಗೂಗಲ್ 2002ರಲ್ಲಿ ಕ್ಲಿಕ್ಕಿಗೆ ಹಣ ಪಡೆಯುವ ಪದ್ಧತಿಗೆ ಬಂದಾಗ ಬಿಡ್ಡನ್ನು ಕ್ಲಿಕ್ಕಿನ ಪ್ರಮಾಣದಿಂದ ಗುಣಿಸಿ ಸ್ಥಾನ ಕೊಟ್ಟಿತು. ಇಂದಿನ ಲೆಕ್ಕ ಅದಕ್ಕಿಂತ ಬಹಳ ಬೆಳೆದಿದೆ, ಆದರೆ ಬೇರು ಅದೇ.

ಈಗ ನಿಮ್ಮದೇ ಅಂಕಿಗಳನ್ನು ಇಟ್ಟುಕೊಳ್ಳೋಣ. ತಿಳಿಯಲು ಸುಲಭವಾಗಲೆಂದು ಜಾಹೀರಾತಿನ ಗುಣಮಟ್ಟಕ್ಕೆ ಹತ್ತಕ್ಕೆ ಇಷ್ಟು ಎಂದು ಊಹೆಯ ಅಂಕ ಕೊಡುತ್ತೇನೆ, ಮೂರನೆಯ ವ್ಯಾಪಾರಿಯೊಬ್ಬರನ್ನೂ ಸೇರಿಸಿಕೊಳ್ಳುತ್ತೇನೆ. ನಿಜವಾದ ಏಲಂನಲ್ಲಿ ಲೆಕ್ಕ ಇಷ್ಟು ನೇರವಲ್ಲ. ಹುಡುಕಿದವರು ಎಲ್ಲಿದ್ದಾರೆ, ಯಾವ ಸಾಧನದಲ್ಲಿ ಹುಡುಕಿದರು, ಯಾವ ಹೊತ್ತಿನಲ್ಲಿ, ಜಾಹೀರಾತಿನ ಜೊತೆ ಫೋನ್ ಸಂಖ್ಯೆ, ಹೆಚ್ಚುವರಿ ಕೊಂಡಿಗಳು ಇವೆಯೇ ಎಂಬುದೆಲ್ಲ ಸೇರುತ್ತದೆ. ಆದರೂ ದಿಕ್ಕು ಇದೇ.

```
ನೀವು      40 × 4 = 160
ಪರಿಚಯದವರು  25 × 8 = 200
ಮೂರನೆಯವರು  30 × 5 = 150
```

ಪರಿಚಯದವರು ಮೊದಲು, ನೀವು ಎರಡನೆಯವರು. ಇನ್ನು ಹಣ. ಇಲ್ಲಿ ಯಾರೂ ತಮ್ಮ ಬಿಡ್ಡನ್ನೇ ಪೂರ್ತಿ ಕೊಡಬೇಕಾಗಿಲ್ಲ. ತಮ್ಮ ಕೆಳಗಿನವರನ್ನು ಹಿಂದಿಕ್ಕಲು ಬೇಕಾದ ಕನಿಷ್ಠ ಮೊತ್ತ ಕೊಟ್ಟರೆ ಸಾಕು. ಅಂದರೆ ಕೆಳಗಿನವರ ಗುಣಲಬ್ಧವನ್ನು ತಮ್ಮ ಗುಣಮಟ್ಟದಿಂದ ಭಾಗಿಸಿ, ಅದರ ಮೇಲೊಂದು ಪೈಸೆ.

```
ಪರಿಚಯದವರು  160 ÷ 8 = 20.00 → ₹20.01
ನೀವು      150 ÷ 4 = 37.50 → ₹37.51
```

ಮೇಲಿನ ಜಾಗದವರು 20 ರೂಪಾಯಿ ಕೊಡುತ್ತಿದ್ದಾರೆ, ಕೆಳಗಿನ ಜಾಗದ ನೀವು 37 ರೂಪಾಯಿಗಿಂತ ಹೆಚ್ಚು. ನಿಮ್ಮ ಗುಣಮಟ್ಟದ ಅಂಕ ಭಾಗಾಕಾರದ ಕೆಳಗೆ ಕುಳಿತಿರುವುದನ್ನು ನೋಡಿ. ಅದು ಚಿಕ್ಕದಾದಷ್ಟೂ ದರ ಉಬ್ಬುತ್ತದೆ. ಅದೇ ಅಂಕ ಸ್ಥಾನದ ಲೆಕ್ಕದಲ್ಲಿ ಗುಣಾಕಾರವಾಗಿ ಬರುತ್ತದೆ. ಒಂದೇ ಅಂಕಿ ಸ್ಥಾನವನ್ನೂ ದರವನ್ನೂ ಎರಡು ಕಡೆಯಿಂದ ಎಳೆಯುವುದು ಹೀಗೆ.

ಈಗ "ಬಿಡ್ ಏರಿಸಿ" ಎಂಬ ಸಲಹೆಯನ್ನು ಇದೇ ಲೆಕ್ಕಕ್ಕೆ ಹಾಕಿ. ಅಂಕ 4ರಲ್ಲೇ ಇದ್ದು ಪರಿಚಯದವರ 200 ದಾಟಬೇಕಾದರೆ ನೀವು 50 ರೂಪಾಯಿಗಿಂತ ಹೆಚ್ಚು ಬಿಡ್ ಹಾಕಬೇಕು, ಕೊಡುವುದೂ 50 ರೂಪಾಯಿ 1 ಪೈಸೆ. ಬದಲಿಗೆ ಅಂಕ 7ಕ್ಕೆ ಏರಿದರೆ ಹಳೆಯ 40ರ ಬಿಡ್ಡಿಗೇ ನಿಮ್ಮದು 280 ಆಗುತ್ತದೆ. ಮೊದಲ ಸ್ಥಾನ, ಕೊಡುವುದು 200 ÷ 7, ಅಂದರೆ ಸುಮಾರು 28 ರೂಪಾಯಿ 58 ಪೈಸೆ. ಮೊದಲ ಸ್ಥಾನದ ಹಟವಿಲ್ಲದಿದ್ದರೆ ಬಿಡ್ಡನ್ನು 26ಕ್ಕೆ ಇಳಿಸಿ ಎರಡನೆಯ ಸ್ಥಾನದಲ್ಲೇ ಇದ್ದು ಸುಮಾರು 21 ರೂಪಾಯಿ 44 ಪೈಸೆ ಕೊಡಬಹುದು. ನನಗೆ ಕೇಳಿದರೆ ಸಣ್ಣ ಅಂಗಡಿಗೆ ಈ ಕೊನೆಯ ದಾರಿಯೇ ಹಿತ.

ಕೆಳಗೆ ಯಾರೂ ಇಲ್ಲದಿದ್ದರೆ ಪುಕ್ಕಟೆಯೇ ಎಂದು ಕೇಳುವವರಿದ್ದಾರೆ. ಅಲ್ಲ. ಜಾಹೀರಾತು ಕಾಣಿಸಿಕೊಳ್ಳಲು ದಾಟಲೇಬೇಕಾದ ಒಂದು ಕನಿಷ್ಠ ಮಿತಿ ಇರುತ್ತದೆ, ಫಲಿತಾಂಶಗಳ ಮೇಲ್ಭಾಗದ ಜಾಗಕ್ಕೆ ಆ ಮಿತಿ ಇನ್ನೂ ಎತ್ತರ. ಪೈಪೋಟಿ ಇಲ್ಲದಾಗ ನೀವು ಕೊಡುವುದು ಆ ಮಿತಿಗೆ ತಕ್ಕ ಹಣ. ಉಡುಪಿಯಂಥ ಊರಿನಲ್ಲಿ "ನಾನೊಬ್ಬನೇ ಜಾಹೀರಾತು ಹಾಕಿದ್ದು, ಆದರೂ ಯಾಕಿಷ್ಟು ದರ" ಎಂದು ಅಚ್ಚರಿಪಡುವವರಿಗೆ ಉತ್ತರ ಬಹುಮಟ್ಟಿಗೆ ಇದರಲ್ಲೇ ಇರುತ್ತದೆ.

ಇನ್ನು ನಿಮ್ಮ ಪರದೆಯ ರೇಟಿಂಗ್‌ಗಳ ವಿಷಯ. ಕೀವರ್ಡ್‌ಗಳ ಪಟ್ಟಿಯಲ್ಲಿ Quality score, Exp. CTR, Ad relevance, Landing page exp. ಎಂಬ ನಾಲ್ಕು ಅಂಕಣಗಳನ್ನು ಸೇರಿಸಿಕೊಳ್ಳಬಹುದು. ಮೊದಲನೆಯದು 1ರಿಂದ 10ರವರೆಗಿನ ಅಂಕ, ಉಳಿದ ಮೂರು ಅದರ ಬಿಡಿಭಾಗಗಳು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಏಲಂನಲ್ಲಿ ಈ ಅಂಕವನ್ನು ನೇರವಾಗಿ ಬಳಸುವುದಿಲ್ಲ. ಅಲ್ಲಿ ಪ್ರತಿ ಹುಡುಕಾಟಕ್ಕೂ ಗುಣಮಟ್ಟವನ್ನು ಆ ಕ್ಷಣದಲ್ಲೇ ಅಳೆಯುತ್ತಾರೆ. ಪರದೆಯಲ್ಲಿ ಕಾಣುವುದು ಜ್ವರ ನೋಡುವ ಥರ್ಮಾಮೀಟರಿನಂತೆ, ರೋಗ ಎಲ್ಲಿದೆ ಎಂದು ಹುಡುಕಲು ಅದು ಸಹಾಯಕ. ಮತ್ತೆ Below average ಎಂದರೆ ನಿಮ್ಮ ಜಾಹೀರಾತು ಕೆಟ್ಟದು ಎಂಬ ತೀರ್ಪಲ್ಲ. ಕಳೆದ 90 ದಿನಗಳಲ್ಲಿ ಅದೇ ಹುಡುಕಾಟಕ್ಕೆ ಜಾಹೀರಾತು ತೋರಿಸಿದ ಇತರರ ಜೊತೆಗಿನ ಹೋಲಿಕೆ ಅದು. ನೀವು ಏನನ್ನೂ ಬದಲಿಸದೆ ಇದ್ದರೂ, ಪಕ್ಕದವರು ಚೆನ್ನಾಗಿ ಮಾಡತೊಡಗಿದರೆ ನಿಮ್ಮದು ಕೆಳಗಿಳಿಯಬಹುದು.

Exp. CTR ಎಂಬುದು ನಿರೀಕ್ಷಿತ ಕ್ಲಿಕ್ ಪ್ರಮಾಣ: ಹುಡುಕಿದ ಪದ ನಿಮ್ಮ ಕೀವರ್ಡೇ ಆಗಿದ್ದಾಗ ನಿಮ್ಮ ಜಾಹೀರಾತನ್ನು ಒತ್ತುವ ಸಾಧ್ಯತೆಯ ಅಂದಾಜು. ಮೇಲಿನ ಸ್ಥಾನದಲ್ಲಿರುವ ಜಾಹೀರಾತಿಗೆ ಹೇಗೂ ಹೆಚ್ಚು ಕ್ಲಿಕ್ ಬೀಳುತ್ತದೆ, ಆ ಲಾಭವನ್ನು ಲೆಕ್ಕದಿಂದ ಕಳೆದೇ ಈ ಅಂದಾಜು ಮಾಡುತ್ತಾರೆ. ಆದ್ದರಿಂದ ನಾಲ್ಕು ದಿನ ಬಿಡ್ ಏರಿಸಿ, ಮೇಲೆ ನಿಂತು, ಕ್ಲಿಕ್ ಹೆಚ್ಚಿಸಿಕೊಂಡು ರೇಟಿಂಗ್ ಸುಧಾರಿಸುತ್ತೇನೆ ಎಂಬ ಉಪಾಯ ಫಲಿಸುವುದಿಲ್ಲ. Ad relevance ಎಂಬುದು ಹುಡುಕಿದವರ ಉದ್ದೇಶಕ್ಕೂ ನಿಮ್ಮ ಜಾಹೀರಾತಿನ ಮಾತಿಗೂ ಇರುವ ಹೊಂದಿಕೆ. ಕೀವರ್ಡನ್ನು ಮೂರು ಸಲ ತುರುಕಿದರೆ ಹೊಂದಿಕೆ ಬರುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಾಗ ಬರುತ್ತದೆ. Landing page exp. ಎಂಬುದು ಒತ್ತಿದವರು ತಲುಪುವ ಪುಟ ಅವರಿಗೆ ಎಷ್ಟು ಉಪಯುಕ್ತ ಎಂಬುದರ ಅಂದಾಜು.

ಇದನ್ನು ನನಗೆ ಚೆನ್ನಾಗಿ ಕಲಿಸಿದ್ದು ಬೈಕಂಪಾಡಿ ಕಡೆಯ ಒಂದು ಫ್ಯಾಬ್ರಿಕೇಷನ್ ವರ್ಕ್‌ಶಾಪು. ಮಳೆಗಾಲಕ್ಕೆ ಮೊದಲು ಟೆರೇಸಿನ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹಾಸುವುದು ಅವರ ಮುಖ್ಯ ಕೆಲಸ. ನಮ್ಮ ಕರಾವಳಿಯಲ್ಲಿ ಆ ಕೆಲಸಕ್ಕೆ ಮಾರ್ಚಿನಿಂದ ಮೇ ಕೊನೆಯವರೆಗೆ ಬಿಡುವೇ ಇಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಅವರು ನನ್ನ ಬಳಿ ಬಂದಾಗ ಕ್ಲಿಕ್ಕಿಗೆ ಸರಾಸರಿ 34 ರೂಪಾಯಿ ಹೋಗುತ್ತಿತ್ತು, ಕರೆಗಳು ಬೆರಳೆಣಿಕೆಯಷ್ಟು. ಖಾತೆ ತೆರೆದು ನೋಡಿದರೆ ಎಲ್ಲ ಕೀವರ್ಡ್‌ಗಳೂ ಒಂದೇ ಗುಂಪಿನಲ್ಲಿದ್ದವು: `terrace roofing`, `mangalore roofing`, `roofing sheet price`, `waterproofing`, `gate grill work`. ಅಷ್ಟಕ್ಕೂ ಒಂದೇ ಜಾಹೀರಾತು, ತಲೆಬರಹ "ಎಲ್ಲ ಬಗೆಯ ಫ್ಯಾಬ್ರಿಕೇಷನ್ ಕೆಲಸ". ಮುಖ್ಯ ಕೀವರ್ಡಿನ ಅಂಕ 3. Exp. CTR ಮತ್ತು Ad relevance ಎರಡೂ ನಿಮ್ಮದರ ಹಾಗೆಯೇ Below average, ಪುಟದ ರೇಟಿಂಗ್ ಮಾತ್ರ Average.

ಆ ಜಾಹೀರಾತನ್ನು ಒಬ್ಬ ಓದುಗರ ಕಣ್ಣಿನಿಂದ ನೋಡಿ. ಸೋರುವ ಟೆರೇಸಿನ ಚಿಂತೆಯಲ್ಲಿರುವವರು ಮೊಬೈಲಿನಲ್ಲಿ ಹುಡುಕುತ್ತಾರೆ. ಮೂರು ಜಾಹೀರಾತುಗಳು ಕಾಣುತ್ತವೆ. ಎರಡರಲ್ಲಿ ಟೆರೇಸಿನ ಮಾತಿದೆ, ಇವರದರಲ್ಲಿ ಗೇಟು, ಗ್ರಿಲ್ಲು, ಫ್ಯಾಬ್ರಿಕೇಷನ್. ಬೆರಳು ಅತ್ತ ಹೋಗುವುದಿಲ್ಲ. ಕೆಲಸದಲ್ಲಿ ಅವರು ನಿಜಕ್ಕೂ ಒಳ್ಳೆಯವರು, ಆದರೆ ಅದು ಆ ಎರಡು ಸಾಲಿನಲ್ಲಿ ಎಲ್ಲೂ ಇರಲಿಲ್ಲ.

ದೊಡ್ಡ ಸೋರಿಕೆ ಮಾತ್ರ ಬೇರೆ ಕಡೆ ಇತ್ತು. ಜನ ನಿಜವಾಗಿ ಏನು ಬರೆದು ಹುಡುಕಿದಾಗ ಜಾಹೀರಾತು ಬಂತು ಎಂದು ತೋರಿಸುವ Search terms ವರದಿಯನ್ನು ತೆರೆದೆ. `mangalore roofing` ಎಂಬ ಕೀವರ್ಡಿನ ಅಡಿಯಲ್ಲಿ ಸಾಲುಸಾಲಾಗಿ `mangalore roofing tiles price`, `mangalore tiles for roof`. ಹೀಗೆ ಹುಡುಕಿದ ಯಾರಿಗೂ ಶೀಟಿನ ಮಾಡು ಬೇಕಾಗಿರಲಿಲ್ಲ, ಅವರು ಹುಡುಕುತ್ತಿದ್ದುದು ಮಂಗಳೂರು ಹಂಚನ್ನು. 1865ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರಿನ ಹೆಸರೇ ಸರಕಿನ ಹೆಸರೂ ಆಯಿತು. ಇಂದು ಬೆಂಗಳೂರಿನಲ್ಲೋ ಪುಣೆಯಲ್ಲೋ ಮನೆ ಕಟ್ಟುವವರು "ಮಂಗಳೂರು" ಎಂದು ಬರೆದರೆ ಅದು ಊರೋ ಹಂಚೋ ಎಂಬುದು ಮುಂದಿನ ಪದದಿಂದಷ್ಟೇ ತಿಳಿಯುತ್ತದೆ. ಖಾತೆಯ ಸ್ಥಳದ ಆಯ್ಕೆ ಮೊದಲಿನಿಂದ ಇದ್ದ ಹಾಗೆಯೇ ಇತ್ತು, ಅಂದರೆ Presence or interest. ಮಂಗಳೂರಿನಲ್ಲಿ ಇಲ್ಲದಿದ್ದರೂ ಮಂಗಳೂರಿನ ಬಗ್ಗೆ ಆಸಕ್ತಿ ತೋರಿದವರಿಗೂ ಜಾಹೀರಾತು ಹೋಗುತ್ತಿತ್ತು.

ಇಲ್ಲಿ ಪರದೆಯ ಅಂಕದ ಮಿತಿ ಚೆನ್ನಾಗಿ ಕಾಣುತ್ತದೆ. ಆ ಅಂಕವನ್ನು ಲೆಕ್ಕ ಹಾಕುವುದು ಕೀವರ್ಡಿಗೆ ತದ್ವತ್ತಾಗಿ ಹೊಂದುವ ಹುಡುಕಾಟಗಳಿಂದ ಮಾತ್ರ. ಹಂಚು ಹುಡುಕಿದವರ ನಿರಾಸಕ್ತಿ ಆ ಅಂಕದಲ್ಲಿ ಕಾಣುವುದೇ ಇಲ್ಲ. ಆದರೆ ಹಂಚಿನ ಹುಡುಕಾಟ ನಡೆದ ಪ್ರತಿ ಸಲವೂ ಏಲಂ ನಡೆಯುತ್ತದೆ, ಆ ಕ್ಷಣದ ಅಳತೆಯಲ್ಲಿ ನಿಮ್ಮ ಜಾಹೀರಾತು ಹೊಂದುವುದಿಲ್ಲ, ಕ್ಲಿಕ್ ಬಿದ್ದರೆ ದುಬಾರಿಯಾಗಿಯೇ ಬೀಳುತ್ತದೆ. ಕೀವರ್ಡಿನ ಅಂಕ 8 ಇದ್ದೂ ಹಣ ಸೋರುತ್ತಿರುವ ಖಾತೆಗಳನ್ನು ನಾನು ನೋಡಿದ್ದೇನೆ. ಆದ್ದರಿಂದ ಅಂಕದ ಜೊತೆಗೆ ಈ ವರದಿಯನ್ನೂ ಓದದೆ ಯಾವ ತೀರ್ಮಾನಕ್ಕೂ ಬರಬೇಡಿ.

ನಾವು ಮಾಡಿದ್ದು ಇಷ್ಟು. `tile` ಮತ್ತು `tiles` ಎರಡನ್ನೂ ಬೇಡದ ಪದಗಳ ಪಟ್ಟಿಗೆ ಹಾಕಿದೆವು. ಏಕವಚನ ಹಾಕಿದರೆ ಬಹುವಚನ ತಾನಾಗಿ ತಡೆಯಲ್ಪಡುವುದಿಲ್ಲ, ಆದ್ದರಿಂದ ಎರಡೂ ಬೇಕು. ಸ್ಥಳದ ಆಯ್ಕೆಯನ್ನು ಇಲ್ಲಿಯೇ ಇರುವವರಿಗೆ ಸೀಮಿತಗೊಳಿಸಿದೆವು. ವಾಟರ್‌ಪ್ರೂಫಿಂಗ್ ಅವರು ಮಾಡುವುದೇ ಇಲ್ಲ, ಆ ಕೀವರ್ಡನ್ನು ತೆಗೆದೆವು. ಗೇಟು ಗ್ರಿಲ್ಲಿಗೆ ಬೇರೆ ಗುಂಪು, ಟೆರೇಸಿನ ಶೀಟಿಗೆ ಬೇರೆ ಗುಂಪು. ಟೆರೇಸಿನ ಗುಂಪಿಗೆ ಹೊಸ ಜಾಹೀರಾತು: "ಟೆರೇಸಿಗೆ ಶೀಟಿನ ಮಾಡು, ಸುರತ್ಕಲ್‌ನಿಂದ ಉಳ್ಳಾಲದವರೆಗೆ", ಕೆಳಗೆ "ಅಳತೆ ನೋಡಿ ಚದರ ಅಡಿ ಲೆಕ್ಕದಲ್ಲಿ ದರ, ಕನಿಷ್ಠ 300 ಚದರ ಅಡಿ". ಒತ್ತಿದರೆ ಮುಖಪುಟಕ್ಕಲ್ಲ, ಅವರೇ ಮಾಡಿದ ಮಾಡುಗಳ ಚಿತ್ರ ಮತ್ತು ಫೋನ್ ಸಂಖ್ಯೆ ಇರುವ ಒಂದು ಪುಟಕ್ಕೆ ಹೋಗುವಂತೆ ಮಾಡಿದೆವು.

ಆ "ಕನಿಷ್ಠ 300 ಚದರ ಅಡಿ" ಎಂಬ ಮಾತಿನ ಬಗ್ಗೆ ಮಾಲೀಕರಿಗೂ ನನಗೂ ಚರ್ಚೆ ನಡೆಯಿತು. ಅದನ್ನು ಓದಿ ಕೆಲವರು ಒತ್ತದೆ ಹೋಗುತ್ತಾರೆ, ಕ್ಲಿಕ್ ಪ್ರಮಾಣ ಇಳಿಯುತ್ತದೆ ಎಂಬುದು ಅವರ ಆತಂಕ. ಸರಿಯಾದ ಆತಂಕವೇ. "ಅತಿ ಕಡಿಮೆ ದರ" ಎಂದು ಬರೆದಿದ್ದರೆ ಇನ್ನೂ ಹೆಚ್ಚು ಜನ ಒತ್ತುತ್ತಿದ್ದರು, ರೇಟಿಂಗ್ ಏರುತ್ತಿತ್ತು, ಕ್ಲಿಕ್ಕಿನ ದರ ಇಳಿಯುತ್ತಿತ್ತು. ಆದರೆ ಬಾತ್‌ರೂಮಿನ ಮೇಲೆ ಎರಡು ಶೀಟು ಬೇಕಾದವರ ಕರೆಗಳಿಗೆ ಉತ್ತರ ಕೊಡುವುದರಲ್ಲೇ ದಿನ ಕಳೆಯುತ್ತಿತ್ತು. ಅಗ್ಗದ ಕ್ಲಿಕ್ಕು ಬೇಕಾದಷ್ಟು ಸಿಗಬಹುದು, ವರ್ಕ್‌ಶಾಪು ನಡೆಯುವುದು ಕೆಲಸ ಸಿಕ್ಕರೆ ಮಾತ್ರ. ಆ ಸಾಲನ್ನು ಉಳಿಸಿಕೊಂಡೆವು.

ರೇಟಿಂಗ್‌ಗಳು ಒಟ್ಟಿಗೆ ಬದಲಾಗಲಿಲ್ಲ. Ad relevance ಒಂದು ವಾರದೊಳಗೆ Above average ಆಯಿತು, ಏಕೆಂದರೆ ಅದು ಮಾತಿನ ಹೊಂದಿಕೆ, ಮಾತು ಬದಲಾದರೆ ಅದೂ ಬದಲಾಗುತ್ತದೆ. Exp. CTR ಏಪ್ರಿಲ್ ಪೂರ್ತಿ ಅಲುಗಲಿಲ್ಲ, ಮೇ ಎರಡನೆಯ ವಾರದಲ್ಲಿ Average ಆಯಿತು. ಅದಕ್ಕೆ ಹೊಸ ಜಾಹೀರಾತು ಸಾಕಷ್ಟು ಸಲ ಕಾಣಿಸಿಕೊಂಡು ಅದರದೇ ಚರಿತ್ರೆ ಬೆಳೆಯಬೇಕು. ಅಂಕ 3ರಿಂದ 6ಕ್ಕೆ ಬಂತು. ಬಿಡ್ ಮುಟ್ಟಲೇ ಇಲ್ಲ, ಟೆರೇಸಿನ ಗುಂಪಿನ ಸರಾಸರಿ ದರ ಮೇ ಮಧ್ಯದ ಹೊತ್ತಿಗೆ 22 ರೂಪಾಯಿಯ ಆಸುಪಾಸಿಗೆ ಇಳಿದಿತ್ತು. ಇಳಿಕೆಯ ಶ್ರೇಯಸ್ಸನ್ನೆಲ್ಲ ರೇಟಿಂಗಿಗೆ ಕೊಡಲಾರೆ, ಹಂಚಿನ ಹುಡುಕಾಟಗಳನ್ನು ಕಳೆದದ್ದರ ಪಾಲೂ ಅದರಲ್ಲಿದೆ.

ನಿಮ್ಮ ಖಾತೆಯಲ್ಲೂ ಇದೇ ಬಗೆಯ ಬೆರಕೆ ಇರಬಹುದು ಎಂಬುದು ನನ್ನ ಊಹೆ. `solar water heater udupi` ಎಂದು ಹುಡುಕುವವರಿಗೆ ಹೊಸ ಹೀಟರ್ ಬೇಕು. `solar water heater repair` ಎಂದವರ ಮನೆಯಲ್ಲಿ ಹಳೆಯದು ಕೆಟ್ಟಿದೆ, ಬಾವಿ ನೀರಿನ ಕರೆ ಕಟ್ಟಿ ಟ್ಯೂಬು ಮುಚ್ಚಿರಬಹುದು. `solar panel price` ಎಂದವರಿಗೆ ವಿದ್ಯುತ್ ಬೇಕು, ಬಿಸಿನೀರಲ್ಲ. ಮೂವರಿಗೂ ಒಂದೇ ಜಾಹೀರಾತು ತೋರಿಸುತ್ತಿದ್ದರೆ ಇಬ್ಬರಿಗಂತೂ ಅದು ಹೊಂದುವುದಿಲ್ಲ. ನೀವು ರಿಪೇರಿ ಮಾಡುವುದಾದರೆ ಅದಕ್ಕೊಂದು ಪ್ರತ್ಯೇಕ ಗುಂಪು ಮತ್ತು ಜಾಹೀರಾತು ಮಾಡಿ. ಪ್ಯಾನೆಲ್ ಮಾರುವುದಿಲ್ಲವಾದರೆ `panel`, `panels` ಎರಡನ್ನೂ ಬೇಡದ ಪಟ್ಟಿಗೆ ಸೇರಿಸಿ. ಹೊಸ ಹೀಟರಿನ ಜಾಹೀರಾತಿನಲ್ಲಿ ಎಷ್ಟು ಲೀಟರಿನದು, ಎಲ್ಲಿಂದ ಎಲ್ಲಿಯವರೆಗೆ ಬಂದು ಅಳವಡಿಸುತ್ತೀರಿ ಎಂದು ಬರೆಯಿರಿ.

ಹುಡುಕಾಟ ಕಡಿಮೆ ಇರುವ ಕೀವರ್ಡ್‌ಗಳ ಎದುರು ಅಂಕದ ಬದಲು ಒಂದು ಅಡ್ಡಗೆರೆ ಕಾಣಬಹುದು. ಅದಕ್ಕೆ ಗಾಬರಿ ಬೇಡ, ಅಳೆಯಲು ಸಾಕಷ್ಟು ಮಾಹಿತಿ ಇಲ್ಲ ಎಂದಷ್ಟೇ ಅರ್ಥ. ಕೀವರ್ಡಿಗೆ ಎಷ್ಟು ಹತ್ತಿರದ ಹುಡುಕಾಟಕ್ಕೆ ಜಾಹೀರಾತು ಬರಬೇಕು ಎಂದು ನಿರ್ಧರಿಸುವ ಹೊಂದಿಕೆಯ ಬಗೆಯನ್ನು, ಅಂದರೆ match type ಅನ್ನು, ಮಾತ್ರ ಬದಲಿಸಿ ಅಂಕ ಏರಿಸಲು ಹೋಗಬೇಡಿ, ಅಂಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಬದಲಾವಣೆ ಮಾಡಿದ ದಿನಾಂಕವನ್ನು ಬರೆದಿಡಿ. Quality score (hist.) ಎಂಬ ಅಂಕಣವನ್ನು ಸೇರಿಸಿ ದಿನವಾರು ವಿಂಗಡಿಸಿದರೆ ಹಳೆಯ ಅಂಕವೂ ಕಾಣುತ್ತದೆ. ಅದರ ಪಕ್ಕದಲ್ಲಿ ಕ್ಲಿಕ್ಕಿನ ಸರಾಸರಿ ದರ ತೋರಿಸುವ Avg. CPC ಮತ್ತು Search lost IS (rank) ಇಟ್ಟುಕೊಳ್ಳಿ. ಎರಡನೆಯದು, ಸ್ಥಾನದ ಲೆಕ್ಕದಲ್ಲಿ ಹಿಂದೆ ಬಿದ್ದು ನೀವು ಕಾಣಿಸಿಕೊಳ್ಳುವ ಅವಕಾಶವನ್ನು ಎಷ್ಟು ಶೇಕಡಾ ಸಲ ಕಳೆದುಕೊಂಡಿರಿ ಎಂಬುದು. ಬಿಡ್ ಅದೇ 40 ಇದ್ದು ಈ ಎರಡೂ ಒಟ್ಟಿಗೆ ಇಳಿಯುತ್ತಿದ್ದರೆ ಗುಣಮಟ್ಟ ನಿಜವಾಗಿ ಸುಧಾರಿಸಿರುವ ಸಾಧ್ಯತೆ ಹೆಚ್ಚು. ದರ ಮಾತ್ರ ಇಳಿದು ಕಳೆದುಕೊಂಡ ಪಾಲು ಏರುತ್ತಿದ್ದರೆ ನೀವು ಅಗ್ಗದ, ಕೆಳಗಿನ ಜಾಗಕ್ಕೆ ಜಾರಿರಬಹುದು. ಆಗ ಮತ್ತೆ Search terms ವರದಿಯನ್ನೇ ತೆರೆದು, ಯಾವ ಹುಡುಕಾಟದಲ್ಲಿ ಹಾಗಾಗುತ್ತಿದೆ ಎಂದು ಒಂದೊಂದೇ ಸಾಲು ಓದಿ.